ಮೊದಲು ಸಲ್ಲಿಸಿದವರ ಪ್ರಬಂಧ

ಜೂನ್ ತಿಂಗಳ ಎರಡನೆಯ ಭಾನುವಾರ, ಬೆಳಗ್ಗೆ ಏಳು ಗಂಟೆ. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ಹಾಜರಿದ್ದವರು ಮೂವರು: ನಾನು, ನನ್ನ ಯಜಮಾನರು, ಮತ್ತು ಚಿತ್ರದುರ್ಗದಿಂದ ಮೊದಲ ಬಸ್ಸಿಗೆ ಬಂದ ಹುಡುಗಿ. ಹುಡುಗಿ ಎನ್ನುತ್ತೇನೆ, ಆದರೆ ಅವಳಿಗೇ ಒಬ್ಬ ಚಿಕ್ಕ ಮಗಳಿದ್ದಾಳೆ. ಅವಳು ನನ್ನ ವಾರ್ಡಿಗೆ ಸಹಾಯಕಿಯಾಗಿ ಸೇರಿದ ದಿನದಿಂದ ಹಾಗೆ ಕರೆದು ರೂಢಿ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಪಾಳಿ ಬದಲಾಗುವ ಹೊತ್ತಿಗೆ ಪ್ರತಿ ರೋಗಿಯ ಚಾರ್ಟು ತುಂಬಿರಬೇಕು, ಎಲ್ಲರ ಚಾರ್ಟೂ ಒಂದೇ ಕ್ರಮದಲ್ಲಿ, ಒಂದೇ ಮಾತಿನಲ್ಲಿ ಇರಬೇಕು ಎನ್ನುವುದು ನನ್ನ ಕಟ್ಟುನಿಟ್ಟು. ‘ಪೇಷೆಂಟ್ ಕಾನ್ಷಿಯಸ್. ಮೌತ್ ಕೇರ್ ಗಿವನ್. ಬ್ಯಾಕ್ ಕೇರ್ ಗಿವನ್. ಪೊಸಿಷನ್ ಚೇಂಜ್ಡ್.’ ರೋಗಿಗೆ ಎಚ್ಚರವಿದೆ, ಬಾಯಿ ಶುಚಿ ಮಾಡಿದೆ, ಬೆನ್ನು ಒರೆಸಿದೆ, ಮಗ್ಗುಲು ಬದಲಿಸಿದೆ, ಇಷ್ಟೇ. ಯಾರಾದರೂ ಸ್ವಂತ ಮಾತು ಸೇರಿಸಿದರೆ ಮತ್ತೆ ಬರೆಸುತ್ತಿದ್ದೆ. ರಾತ್ರಿ ಪಾಳಿಯವಳು ಬರೆದದ್ದನ್ನು ಬೆಳಗಿನವಳು ಒಂದೇ ನೋಟಕ್ಕೆ ಓದಿಕೊಳ್ಳಬೇಕಲ್ಲ. ಈ ಹುಡುಗಿ ಅದನ್ನು ಎಲ್ಲರಿಗಿಂತ ಬೇಗ ಕಲಿತಳು.

ಈಗ ಅವಳು ಚಿತ್ರದುರ್ಗದಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಯ ಮನೆಯಲ್ಲಿದ್ದು ನೋಡಿಕೊಳ್ಳುತ್ತಾಳೆ. ಹಗಲು ರಾತ್ರಿ ಅಲ್ಲೇ ವಾಸ. ಮಗಳು ಹೊಸದುರ್ಗದ ಕಡೆಯ ಹಳ್ಳಿಯಲ್ಲಿ, ಈ ಹುಡುಗಿಯ ತಾಯಿಯ ಹತ್ತಿರ. ಅವರದು ಕುರಿ ಸಾಕುವ ಮನೆತನ. ಮಗು ತನ್ನ ಅಜ್ಜಿಯನ್ನೇ ಅವ್ವ ಎನ್ನತೊಡಗಿದೆ ಎಂದು ಒಮ್ಮೆ ನಗುತ್ತಲೇ ಹೇಳಿದ್ದಳು. ಹಿರಿಯೂರಿನಲ್ಲಿ ವೃದ್ಧರ ಆರೈಕೆಯ ಒಂದು ಕೇಂದ್ರ ಹಗಲು ಪಾಳಿಗೆ ಜನ ಬೇಕೆಂದಿತ್ತು. ಅದು ಸಿಕ್ಕರೆ ಸಂಜೆ ಬಸ್ಸಿಗೆ ಮಗಳ ಹತ್ತಿರ ಹೋಗಬಹುದು. ಅವರು ಕೇಳಿದ್ದು ಒಂದೇ: ಮನೆ ಆರೈಕೆಯ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರ. ಅದನ್ನು ಬುಧವಾರದ ಸಂದರ್ಶನಕ್ಕೆ ತರಬೇಕು.

ಅವಳಿಗೆ ಕಂಪ್ಯೂಟರೆಂದರೆ ಹೆದರಿಕೆ. ಜೊತೆಗಿರಲೆಂದು ನಾನೂ ಅದೇ ಕೋರ್ಸಿಗೆ ಸೇರಿದೆ. ವಿಡಿಯೋ ಪಾಠಗಳು, ಸಣ್ಣ ಪರೀಕ್ಷೆಗಳು ಸಲೀಸಾಗಿ ಮುಗಿದವು. ಕೊನೆಗೆ ಒಂದು ಪ್ರಬಂಧ: ಹಾಸಿಗೆ ಹಿಡಿದ ಒಬ್ಬರ ಒಂದು ದಿನದ ಆರೈಕೆಯನ್ನು ಇಂಗ್ಲಿಷಿನಲ್ಲಿ ವಿವರಿಸಿ. ಅದನ್ನು ತಿದ್ದಲು ಮೇಷ್ಟ್ರಿಲ್ಲ. ಅದೇ ಕೋರ್ಸು ಓದುವ ಮೂವರು ಅಪರಿಚಿತರು, ಕೊಟ್ಟಿರುವ ಅಂಕಪಟ್ಟಿಯ ಪ್ರಕಾರ ಅಂಕ ಹಾಕುತ್ತಾರೆ. ಮೂರರಲ್ಲಿ ನಡುವಿನ ಅಂಕವೇ ನಮ್ಮದು. ಪ್ರತಿಯಾಗಿ ನಾವೂ ಮೂವರ ಪ್ರಬಂಧಕ್ಕೆ ಅಂಕ ಹಾಕಬೇಕು. ಹಾಕದಿದ್ದರೆ ನಮ್ಮ ಫಲಿತಾಂಶ ಕಾಣಿಸುವುದಿಲ್ಲ.

ನಮ್ಮ ಯಜಮಾನರು ಬಸ್ ಕಂಡಕ್ಟರಾಗಿದ್ದವರು. ಕೇಳಿ ನಕ್ಕರು. “ಕಂಡಕ್ಟರ್ ಇಲ್ದಿದ್ ಬಸ್ಸು ಬಿಡು. ಪಕ್ಕದ್ ಸೀಟಿನೋನೇ ಟಿಕೆಟ್ ಹರೀಬೇಕು.”

“ಜನ ಪ್ರಾಮಾಣಿಕವಾಗಿದ್ರೆ ಅದೂ ಹೋಗ್ತೈತೆ ಬಿಡ್ರಿ,” ಎಂದೆ.

ನಾನು ನನ್ನ ಪ್ರಬಂಧವನ್ನು ಗಡುವಿಗೆ ಬಹಳ ಮೊದಲೇ ಕಳಿಸಿದೆ. ಕೆಲಸ ಉಳಿಸಿಕೊಂಡು ಮಲಗುವ ಅಭ್ಯಾಸ ನನಗಿಲ್ಲ. ಅವಳು ಅಜ್ಜಿ ಮಲಗಿದ ಮೇಲೆ ಸ್ವಲ್ಪ ಸ್ವಲ್ಪವೇ ಬರೆದು ನನಗಿಂತ ನಾಲ್ಕು ದಿನ ತಡವಾಗಿ ಕಳಿಸಿದಳು. ನಾವು ಒಬ್ಬರದನ್ನೊಬ್ಬರು ನೋಡಿರಲಿಲ್ಲ. ತಮ್ಮದನ್ನು ಸಲ್ಲಿಸುವ ಮುನ್ನ ಬೇರೆಯವರದನ್ನು ನೋಡಬಾರದೆಂದು ಕೋರ್ಸಿನ ನಿಯಮವಿತ್ತು, ನಾನೇ ಅದನ್ನು ಅವಳಿಗೆ ಎರಡು ಸಲ ಓದಿ ಹೇಳಿದ್ದೆ.

ಅವಳದು ಯಾರ ಕೈಗೂ ಹೋಗದೆ ವಾಪಸು ಬಂತು. ಬೇರೆಯವರ ಪ್ರಬಂಧದ ಜೊತೆ ಹೋಲಿಕೆ ಮಿತಿ ಮೀರಿದೆ, ಸ್ವಂತ ಮಾತಿನಲ್ಲಿ ಬರೆದು ಮತ್ತೆ ಸಲ್ಲಿಸಿ, ಎರಡು ಅವಕಾಶ ಉಳಿದಿವೆ ಎಂಬ ಸೂಚನೆ. ಅರ್ಧದಷ್ಟು ಸಾಲುಗಳ ಮೇಲೆ ಹಳದಿ ಬಣ್ಣ. ಅವಳು ಫೋನಿನಲ್ಲಿ ಆ ಹಳದಿ ಸಾಲುಗಳನ್ನು ಒಂದೊಂದಾಗಿ ಓದಿದಳು. ಮೌತ್ ಕೇರ್ ಗಿವನ್. ಬ್ಯಾಕ್ ಕೇರ್ ಗಿವನ್. ಅದೇ ಕ್ರಮ, ಅದೇ ಮಾತು. ಅವು ನನ್ನ ಪ್ರಬಂಧದ ಸಾಲುಗಳು. ಯಾರಿಂದ ಯಾರು ಕಲಿತರೆಂದು ಹೋಲಿಕೆ ಹುಡುಕುವ ಯಂತ್ರಕ್ಕೆ ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಯಾರು ಮೊದಲು ಬಂದರು ಎನ್ನುವುದೊಂದೇ. ನಾನು ಮೊದಲು ಬಂದವಳು, ಆದ್ದರಿಂದ ನನ್ನದು ಅಸಲು. ಅವಳದು ನಕಲು.

ಯಾರಾದರೂ ಮೇಲಿನವರಿಗೆ ವಿಷಯ ತಿಳಿಸಿದರೆ ಒಂದು ಮಾತಿನಲ್ಲಿ ಮುಗಿಯುತ್ತದೆ ಎಂದುಕೊಂಡೆ. ಸಹಾಯದ ಪುಟದಲ್ಲಿ ನಡೆದದ್ದನ್ನೆಲ್ಲ ಬರೆದೆ. ಉತ್ತರ ತಕ್ಷಣ ಬಂತು: ‘ಹೋಲಿಕೆ ಕಡಿಮೆ ಮಾಡುವುದು ಹೇಗೆ’ ಎಂಬ ಲೇಖನದ ಕೊಂಡಿ. ಮತ್ತೆ ಬರೆದೆ. ಅದೇ ಕೊಂಡಿ. ಪಾಠ ಮಾಡಿದ ಪ್ರೊಫೆಸರರು ವಿಡಿಯೋ ಮಾಡಿಕೊಟ್ಟು ಹೋಗಿದ್ದರು, ಈಗ ನಡೆಯುತ್ತಿರುವ ತಂಡವನ್ನು ಅವರು ನೋಡುವುದಿಲ್ಲ ಎಂದು ಕೋರ್ಸಿನ ಮೊದಲ ಪುಟದಲ್ಲೇ ಇತ್ತು. ಚರ್ಚೆಯ ಪುಟಕ್ಕೆ ಹೋದೆ. ಅಲ್ಲಿ ‘ದಯವಿಟ್ಟು ನನ್ನ ಪ್ರಬಂಧಕ್ಕೆ ಅಂಕ ಹಾಕಿ’ ಎಂದು ನೂರಾರು ಜನ ಕೂಗುತ್ತಿದ್ದರು. ನನ್ನ ಮಾತು ಅವುಗಳಡಿ ಹೂತುಹೋಯಿತು. ನನ್ನದನ್ನೇ ವಾಪಸು ತೆಗೆಯಲು ನೋಡಿದೆ. ಅದಕ್ಕೆ ಆಗಲೇ ಅಂಕ ಬಿದ್ದಿದ್ದರಿಂದ ತೆಗೆಯಲಾಗಲಿಲ್ಲ. ತೆಗೆದರೂ ಹೋಲಿಸಿ ನೋಡುವ ಸಂಗ್ರಹದಲ್ಲಿ ಅದು ಉಳಿದೇ ಇರುತ್ತದೆಯಂತೆ.

ಅಷ್ಟರಲ್ಲಿ ಅವಳು ನನಗೆ ಹೇಳದೆ ಎರಡನೆಯ ಅವಕಾಶವನ್ನೂ ಬಳಸಿದಳು. ಸ್ವಂತ ಮಾತು ಎಂದರೆ ಬೇರೆ ಮಾತು ಎಂದು ಅವಳು ತಿಳಿದದ್ದು. ಫೋನಿನಲ್ಲಿ ವಾಕ್ಯ ಬದಲಿಸಿಕೊಡುವ ಆ್ಯಪ್ ಒಂದಕ್ಕೆ ಇಡೀ ಪ್ರಬಂಧ ಹಾಕಿದಳು. ಈ ಸಲ ಹೋಲಿಕೆಯ ತಕರಾರು ಬರಲಿಲ್ಲ, ಮೂವರ ಕೈಗೆ ಹೋಯಿತು. ಆದರೆ ಅದರ ತಲೆಯ ಮೇಲೆ ಅವರಿಗೆ ಕಾಣುವಂತೆ ಒಂದು ಪಟ್ಟಿ ಬಂತು: ‘ಈ ಬರಹ ಯಂತ್ರ ಬರೆದದ್ದಿರಬಹುದು. ಖಚಿತವಿಲ್ಲ. ನೀವೇ ನಿರ್ಧರಿಸಿ.’ ಕೆಳಗೆ ಒಂದು ಚೌಕ. ಸ್ವಂತದ್ದಲ್ಲ ಅನ್ನಿಸಿದರೆ ಟಿಕ್ ಹಾಕಬೇಕು. ಮೂವರಲ್ಲಿ ಇಬ್ಬರು ಹಾಕಿದರೆ ಸೊನ್ನೆ. ಇಬ್ಬರು ಹಾಕಿದ್ದರು.

ಅವಳು ಒಂದು ದಿನದ ರಜೆ ಪಡೆದು ಬಂದ ಆ ಭಾನುವಾರ ಬೆಳಗ್ಗೆ ನಾನು ಆ ಪ್ರಬಂಧವನ್ನು ಮೊದಲ ಸಲ ಓದಿದೆ. ಬ್ಯಾಕ್ ಕೇರನ್ನು ಆ್ಯಪ್ ‘ಹಿಂಭಾಗಕ್ಕೆ ಗಮನ’ ಎಂಬರ್ಥದ ಇಂಗ್ಲಿಷಿಗೆ ತಿರುಗಿಸಿತ್ತು. ಹಾಸಿಗೆ ಹುಣ್ಣು ‘ಮಂಚದ ಬೇಸರ’ ಆಗಿತ್ತು. ಯಜಮಾನರಿಗೆ ಓದಿ ಹೇಳಿದಾಗ ಅವರು ನಗು ತಡೆಯಲಾಗದೆ ಹೊರಗೆ ಹೋದರು. ಹುಡುಗಿಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

“ಇದನ್ನ ಯಾಕೆ ಮಾಡ್ದೆ ತಾಯಿ? ನಂಗೊಂದ್ ಫೋನ್ ಮಾಡ್ಬಾರ್ದಿತ್ತಾ?”

“ನಿಮ್ ಮಾತೇ ಬರ್ದ್ರೆ ಕಳ್ಳಿ ಅಂದ್ರು. ನಿಮ್ ಮಾತ್ ಬಿಟ್ರೆ ನಂಗ್ ಇಂಗ್ಲಿಷು ಎಲ್ಲೈತೆ ಸಿಸ್ಟರ್?”

ವಾರ್ಡಿನಲ್ಲಿ ಯಾವುದು ಅವಳ ಒಳ್ಳೆಯ ಗುಣವಾಗಿತ್ತೋ ಅದೇ ಇಲ್ಲಿ ಅಪರಾಧವಾಗಿತ್ತು. ಅವಳ ಕೈ ಹಿಡಿದು ಆ ಗುಣ ಕಲಿಸಿದವಳು ನಾನು.

“ಇನ್ನೊಂದ್ ಸಲ ಐತಲ್ಲ,” ಎಂದೆ. “ಚಾರ್ಟು ಮರ್ತುಬಿಡು. ಅಜ್ಜಿಗೆ ಬೆಳಗ್ಗೆ ಎದ್ದು ಏನ್ಮಾಡ್ತೀಯ, ಅದನ್ನ ಹೇಳು.”

“ಗ್ವಾಡೆ ಕಡೆ ತಿರುಗಿಸ್ತೀನಿ. ಆಮೇಲ್ ಕಿಟಕಿ ಕಡೆ. ಕಿಟಕಿ ಕಡೆ ಅಂದ್ರೆ ಅಜ್ಜಿಗೆ ಖುಷಿ, ಆಕಡೆ ನುಗ್ಗೆ ಮರ ಕಾಣ್ತತಿ. ಅದ್ಕೇ ಕಿಟಕಿ ಕಡೆ ಜಾಸ್ತಿ ಹೊತ್ತು ಇರಾಕ್ ಬಿಡ್ಬಾರ್ದು. ಸೊಂಟ ಕೆಂಪಾಗ್ತತಿ, ಆದ್ರೂ ಹೇಳಲ್ಲ ಮುದುಕಿ.”

“ಅದನ್ನೇ ಬರಿ.”

“ಇದು ಬರಿಯೋ ವಿಷ್ಯನಾ?”

ಬಾಗಿಲಲ್ಲಿ ನಿಂತಿದ್ದ ಯಜಮಾನರು, “ಬರಿಯಮ್ಮ, ಇಷ್ಟ್ ಹೊತ್ತಿಗೆ ಇದೊಂದೇ ನಂಗ್ ಅರ್ಥ ಆಗಿದ್ದು,” ಎಂದರು.

ನಾನು ಕೀಲಿಮಣೆ ಮುಟ್ಟಲಿಲ್ಲ. ಮುಟ್ಟಿದ್ದರೆ ಅದು ಮತ್ತೆ ನನ್ನದಾಗುತ್ತಿತ್ತು. ಅವಳು ಒಂದು ಬೆರಳಲ್ಲಿ ಕುಟ್ಟಿದಳು. ಕ್ರಿಯಾಪದಗಳ ಕಾಲ ತಪ್ಪಿತು, ಅಜ್ಜಿ ಒಂದು ಸಾಲಿನಲ್ಲಿ ಹೆಂಗಸು, ಮುಂದಿನ ಸಾಲಿನಲ್ಲಿ ಗಂಡಸು. ತಿದ್ದಬೇಕೆಂದು ನನ್ನ ಕೈ ತುರಿಸುತ್ತಿತ್ತು, ಮಡಿಲಲ್ಲಿಟ್ಟುಕೊಂಡು ಕುಳಿತೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಲ್ಲಿಸಿದಳು. ಹೋಲಿಕೆಯಿಲ್ಲ, ಯಂತ್ರದ ಶಂಕೆಯೂ ಇಲ್ಲ. ಮೂವರು ಅಂಕ ಹಾಕುವುದಷ್ಟೇ ಬಾಕಿ.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಬ್ಬರ ಅಂಕ ಮಂಗಳವಾರಕ್ಕೆ ಬಂತು. ಮೂರನೆಯವರದು ಬಂದದ್ದು ಶನಿವಾರ. ನಡುವಿನ ಅಂಕ ಸರಿಯಾಗಿ ಪಾಸಿನ ಗೆರೆಯ ಮೇಲೆ ಕೂತಿತ್ತು. ‘ವೃತ್ತಿಯ ಸರಿಯಾದ ಪದಬಳಕೆ’ ಎಂಬ ಸಾಲಿನಲ್ಲಿ ಮೂವರೂ ಅವಳಿಗೆ ಸೊನ್ನೆ ಕೊಟ್ಟಿದ್ದರು. ಪದಗಳು ಅವಳಿಗೆ ಗೊತ್ತಿಲ್ಲವೆಂದು ಅವರು ತಿಳಿದಿರಬೇಕು. ಪ್ರಮಾಣಪತ್ರ ಬಂತು. ಹಿರಿಯೂರಿನವರು ಬುಧವಾರವೇ ಬೇರೆಯವರನ್ನು ತೆಗೆದುಕೊಂಡಿದ್ದರು. ಅವಳು ಈಗಲೂ ಚಿತ್ರದುರ್ಗದಲ್ಲೇ ಇದ್ದಾಳೆ. ನನ್ನ ಪ್ರಮಾಣಪತ್ರ ಒಳ್ಳೆಯ ಅಂಕಗಳೊಂದಿಗೆ ಎಂದೋ ಬಂದಿತ್ತು, ಅದರಿಂದ ನನಗೆ ಆಗಬೇಕಾದದ್ದು ಏನೂ ಇರಲಿಲ್ಲ. ನಾನು ಐದು ದಿನ ತಡೆದು ಕಳಿಸಿದ್ದರೆ ಹಳದಿ ಬಣ್ಣ ನನ್ನ ಸಾಲುಗಳ ಮೇಲೆ ಬೀಳುತ್ತಿತ್ತು, ಅವಳದು ನೆಟ್ಟಗೆ ದಾಟುತ್ತಿತ್ತು. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ.

ಆ ಭಾನುವಾರ ಇದ್ಯಾವುದೂ ನಮಗೆ ತಿಳಿದಿರಲಿಲ್ಲ. ಊಟವಾದ ಮೇಲೆ ಉಳಿದದ್ದು ಅವಳು ಮೂವರಿಗೆ ಅಂಕ ಹಾಕುವ ಕೆಲಸ. ಹೊಸದಾಗಿ ಸಲ್ಲಿಸಿದ್ದರಿಂದ ಅದನ್ನೂ ಹೊಸದಾಗಿಯೇ ಮಾಡಬೇಕು. ಎರಡು ಬೇಗ ಮುಗಿದವು. ಮೂರನೆಯದರ ತಲೆಯ ಮೇಲೆ ಅದೇ ಪಟ್ಟಿ: ‘ಯಂತ್ರ ಬರೆದದ್ದಿರಬಹುದು.’ ಇಂಗ್ಲಿಷು ನುಣುಪಾಗಿತ್ತು, ಒಂದು ತಪ್ಪಿಲ್ಲ. ರೋಗಿ ಯಾರು, ಯಾವ ವಯಸ್ಸು, ಎಲ್ಲಿ ನೋವು, ಒಂದೂ ಇಲ್ಲ.

“ಟಿಕ್ ಹಾಕು,” ಎಂದೆ ನಾನು. “ಇವ್ರು ರೋಗಿ ಮೈ ಮುಟ್ಟಿದೋರಲ್ಲ.”

ಅವಳು ಮತ್ತೊಮ್ಮೆ ಮೊದಲಿನಿಂದ ಓದಿದಳು. “ಹಂಗಂತ ಹೆಂಗ್ ಹೇಳ್ತೀರಿ? ನಂದ್ ಓದಿದೋರಿಗೂ ಹಂಗೇ ಅನ್ಸಿರ್ತತಿ.”

“ಅನುಮಾನ ಐತಲ್ಲೇ.”

“ವಾರ್ಡಲ್ಲಿ ಅನುಮಾನ ಬಂದ್ರೆ ಡಾಕ್ಟ್ರನ್ನ ಕರಿ ಅಂತಿದ್ರಿ ನೀವು. ಇಲ್ಲಿ ಯಾರನ್ನ ಕರೀಲಿ?”

ಅವಳು ಅಂಕಪಟ್ಟಿಯ ಸಾಲು ಸಾಲಿಗೂ ಬೆರಳಿಟ್ಟು ಅಂಕ ಹಾಕಿದಳು. ಪದಬಳಕೆಗೆ ಪೂರ್ತಿ. ರೋಗಿಯ ವಿವರಕ್ಕೆ ಏನೂ ಇಲ್ಲ. ಅಭಿಪ್ರಾಯದ ಜಾಗದಲ್ಲಿ ತನ್ನ ಇಂಗ್ಲಿಷಿನಲ್ಲೇ, ನೀವು ನೋಡಿಕೊಳ್ಳುವವರಿಗೆ ಎಲ್ಲಿ ನೋವು, ಯಾವ ಕಡೆ ತಿರುಗಿದರೆ ಖುಷಿ, ಅದನ್ನು ಬರೆಯಿರಿ ಎಂದು ಬರೆದಳು. ಚೌಕವನ್ನು ಖಾಲಿ ಬಿಟ್ಟಳು. ನನ್ನ ಕಡೆ ಒಮ್ಮೆ ನೋಡಿ, ಸಲ್ಲಿಸು ಎಂಬುದನ್ನು ಒತ್ತಿದಳು.