ಮಾಸ್ಕ್ ಹಾಕದ ಇಲಿಗಳು

ಜಲಜಾಕ್ಷಿಗೆ ಮಾತನ್ನು ಚುಟುಕಾಗಿ ಮುಗಿಸಲು ಬರುತ್ತಿರಲಿಲ್ಲ. ಊಟ ಆಯಿತೇ ಎಂದು ಕೇಳಿದರೆ ಅಕ್ಕಿ ತಂದ ಅಂಗಡಿಯಿಂದ ಶುರುಮಾಡುತ್ತಿದ್ದಳು. ಉಡುಪಿಯವಳು, ಮಲೇಷ್ಯಾದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುತ್ತಿದ್ದಳು. ಕೊರೋನಾದ ಎರಡನೇ ವರ್ಷ ಕಾಲೇಜು ಮುಚ್ಚಿತ್ತು. ಅಲ್ಲಿನ ಪುಚೊಂಗ್ ಎಂಬ ಊರಿನ ಮನೆಯ ಊಟದ ಮೇಜೇ ಅವಳ ತರಗತಿ, ಅದೇ ಅವಳ ಆಫೀಸು.

ಲಾಕ್‌ಡೌನಿಗೆ ಮೊದಲೇ ಅವಳು ಒಂದು ಪ್ರಯೋಗ ಮುಗಿಸಿದ್ದಳು. ನಮ್ಮ ಕಡೆ ಶರಬತ್ತು ಮಾಡುವ ಪುನರ್ಪುಳಿಯ ನೆಂಟ ಮ್ಯಾಂಗೋಸ್ಟೀನ್ ಹಣ್ಣಿನ ಸಿಪ್ಪೆಯ ಸಾರವನ್ನು ಜೆಲ್‌ನಲ್ಲಿ ಬೆರೆಸಿ ಇಲಿಗಳ ಗಾಯಕ್ಕೆ ಹಚ್ಚಿದ್ದಳು. ಇನ್ನೊಂದು ಗುಂಪಿನ ಇಲಿಗಳಿಗೆ ಬರಿಯ ಜೆಲ್. ಸಿಪ್ಪೆಯ ಜೆಲ್ ಹಚ್ಚಿದ ಗಾಯ ಬೇಗ ಮುಚ್ಚಿತ್ತು. ಇದರ ಬಗ್ಗೆ ಬರೆದ ಪ್ರಬಂಧವನ್ನು ಒಪ್ಪಿಕೊಂಡ ವಿಜ್ಞಾನ ಪತ್ರಿಕೆ ಇನ್ನೆರಡು ವಸ್ತು ಕೇಳಿತು: ಮೂರರಿಂದ ಐದು ಮುಖ್ಯಾಂಶಗಳು, ಮತ್ತು ಇಡೀ ಕೆಲಸವನ್ನು ಒಂದೇ ನೋಟಕ್ಕೆ ಹೇಳುವ ಚಿತ್ರಸಾರ. ಒಂದೊಂದು ಮುಖ್ಯಾಂಶವೂ ನಡುವಿನ ಖಾಲಿ ಜಾಗ ಸೇರಿ ಎಂಬತ್ತೈದು ಅಕ್ಷರ ಮೀರಬಾರದು.

ಜಲಜಾಕ್ಷಿಯ ಮೊದಲ ಮುಖ್ಯಾಂಶ ಆರು ಸಾಲಾಯಿತು. ಅದರಲ್ಲಿ ಮ್ಯಾಂಗೋಸ್ಟೀನಿನ ಚರಿತ್ರೆಯೂ ಇತ್ತು. ಗಂಡ ದಾಮೋದರ ಸಾರಿಗೆ ಒಗ್ಗರಣೆ ಹಾಕಿ ಬಂದು ಪಕ್ಕದಲ್ಲಿ ಕೂತ. ಚರಿತ್ರೆ ಹೋಯಿತು, "ಗಮನಾರ್ಹ" ಹೋಯಿತು, "ಮೊಟ್ಟಮೊದಲ ಬಾರಿಗೆ" ಹೋಯಿತು. ಆದರೂ ನಾಲ್ಕು ಅಕ್ಷರ ಹೆಚ್ಚು. "ಇಲಿ ತೆಗೆದುಬಿಡು, ಸರಿಹೋಗ್ತದೆ" ಎಂದ ದಾಮೋದರ.

"ಇಲಿ ತೆಗೆದ್ರೆ ಓದುವವರು ಮನುಷ್ಯ ಅಂದ್ಕೊಳ್ತಾರೆ" ಎಂದಳು ಅವಳು. ಇಲಿ ಉಳಿಯಿತು. ಬದಲಿಗೆ ಹಣ್ಣಿನ ಉದ್ದನೆಯ ಲ್ಯಾಟಿನ್ ಹೆಸರು ಹೋಯಿತು. ಎರಡು ದಿನದಲ್ಲಿ ನಾಲ್ಕು ಸಾಲು ಸಿದ್ಧವಾದವು. ಒಂದೊಂದರಲ್ಲೂ ಒಂದೇ ಸಂಗತಿ, ಪ್ರಬಂಧದಲ್ಲಿ ಇದ್ದದ್ದು ಮಾತ್ರ.

ಚಿತ್ರದ ಯೋಜನೆಯನ್ನು ಅವಳು ಒಂದು ಹಾಳೆಯಲ್ಲಿ ಗೀಚಿದಳು. ಎಡಗಡೆ ಸಿಪ್ಪೆ, ಅಲ್ಲಿಂದ ಬಾಣ; ನಡುವೆ ಎರಡು ಇಲಿ; ಬಲಗಡೆ ಒಂದು ತೆರೆದ ಗಾಯ, ಒಂದು ಮುಚ್ಚಿದ ಗಾಯ. ಮಾತು ಕಡಿಮೆ, ಅಕ್ಷರ ದಪ್ಪ; ಮೊಬೈಲಿನಲ್ಲಿ ಚಿಕ್ಕದಾಗಿ ಕಂಡರೂ ತಿಳಿಯಬೇಕು. ಅದನ್ನು ಜೂಮ್‌ನಲ್ಲಿ ಸಹಲೇಖಕರಿಗೆ ತೋರಿಸಿದಳು.

ವಿಭಾಗದ ಮುಖ್ಯಸ್ಥ ಐತಪ್ಪ ಪುತ್ತೂರಿನ ಕಡೆಯವರು. ಬಹಳ ಹೊತ್ತು ನೋಡಿ ಅವರು ಹೇಳಿದರು: "ಎಲ್ಲ ಸರಿ ಉಂಟು ಮೇಡಂ. ಆದ್ರೆ ವೈರಸ್ ಎಲ್ಲಿ?"

ಈ ಕೆಲಸಕ್ಕೂ ವೈರಸ್ಸಿಗೂ ಸಂಬಂಧವಿಲ್ಲ ಎಂದು ಜಲಜಾಕ್ಷಿ ಸುಮಾರು ಹತ್ತು ನಿಮಿಷ ವಿವರಿಸಿದಳು. ಸಂಬಂಧ ಬೇಡ, ಮೂಲೆಯಲ್ಲಿ ಒಂದು ಇರಲಿ, ಈಗ ವೈರಸ್ ಇಲ್ಲದ ಚಿತ್ರ ಯಾರೂ ನೋಡುವುದಿಲ್ಲ ಎಂದರು ಐತಪ್ಪ. ಕಾಲೇಜಿನ ಸುರಕ್ಷಾ ಸಮಿತಿಯಲ್ಲಿದ್ದ ಇನ್ನೊಬ್ಬ ಸಹಲೇಖಕಿ ವಾಸಂತಿಗೆ ಬೇರೆ ಚಿಂತೆ. ಇಲಿಗಳು ತೀರಾ ಹತ್ತಿರ ನಿಂತಿವೆ, ನಡುವೆ ಒಂದು ಮೀಟರ್ ಅಂತರ ಕಾಣಬೇಕು, ಮಾಸ್ಕ್ ಇದ್ದರೆ ಇನ್ನೂ ಒಳ್ಳೆಯದು ಎಂದಳು. ಯಾರೂ ನಗಲಿಲ್ಲ. ಅದು ಯಾರೂ ಕೂರದಂತೆ ಪಾರ್ಕಿನ ಬೆಂಚಿಗೂ ಪಟ್ಟಿ ಸುತ್ತಿದ್ದ ಕಾಲ.

ಜಲಜಾಕ್ಷಿ ಇಲಿಗಳನ್ನು ದೂರ ದೂರ ನಿಲ್ಲಿಸಿದಳು. ಚಿತ್ರ ನಿಜಕ್ಕೂ ಸ್ಪಷ್ಟವಾಯಿತು. ಮಾಸ್ಕ್ ಬರೆದಳು. ಇಲಿಯ ಮೂತಿ ಚೂಪು, ಹಾಗಾಗಿ ಮಾಸ್ಕ್ ಐಸ್‌ಕ್ರೀಮ್ ಕೋನಿನಂತೆ ಕಂಡಿತು. ಮೂಲೆಯಲ್ಲಿ ಹಸಿರು ವೈರಸ್ ಇಟ್ಟು ಬೇಸರದಿಂದಲೇ ಕಳಿಸಿದಳು.

ವಾರದೊಳಗೆ ಸಂಪಾದಕರ ಉತ್ತರ ಬಂತು. ಮುಖ್ಯಾಂಶಗಳು ಚೆನ್ನಾಗಿವೆ. ಆದರೆ ಚಿತ್ರದಲ್ಲಿನ ಹಸಿರು ಉಂಡೆ ಔಷಧವೋ ರೋಗವೋ? ಇಲಿಗಳಿಗೆ ಮಾಸ್ಕ್ ತೊಡಿಸಿದ್ದು ಪ್ರಯೋಗವಿಧಾನದಲ್ಲಿ ಏಕಿಲ್ಲ? ಪ್ರಬಂಧದಲ್ಲಿ ಇಲ್ಲದ್ದು ಚಿತ್ರದಲ್ಲೂ ಇರಕೂಡದು.

ಮತ್ತೆ ಜೂಮ್ ಸಭೆ ಸೇರಿತು. ಹಾಗಾದರೆ ಪ್ರಬಂಧದಲ್ಲೇ ಮಾಸ್ಕಿನ ಬಗ್ಗೆ ಒಂದು ಸಾಲು ಸೇರಿಸಿಬಿಡೋಣ ಎಂದರು ಐತಪ್ಪ, ಟೀ ಕುಡಿಯುತ್ತಾ, ಬಹಳ ಸಮಾಧಾನದಿಂದ. ಜಲಜಾಕ್ಷಿಯ ದೀರ್ಘ ಉತ್ತರ ಕೇಳಲು ಸಿದ್ಧಳಾಗಿ ವಾಸಂತಿ ಆಗಲೇ ಕುರ್ಚಿಗೆ ಒರಗಿದ್ದಳು.

"ನಮ್ಮ ಇಲಿಗಳು ಮಾಸ್ಕ್ ಹಾಕಿರ್ಲಿಲ್ಲ, ಸರ್" ಎಂದಳು ಜಲಜಾಕ್ಷಿ.

ಅಷ್ಟೇ. ಮುಂದೆ ಏನೋ ಬರುತ್ತದೆಂದು ಎಲ್ಲರೂ ಕಾದರು. ಏನೂ ಬರದಿದ್ದಾಗ ಐತಪ್ಪ ತಮ್ಮ ಮೈಕ್ ಕೆಟ್ಟಿದೆಯೇನೋ ಎಂದು ನೋಡಿಕೊಂಡರು. ಆಮೇಲೆ, "ಹಾಕಿರ್ಲಿಲ್ಲ ಅಲ್ವಾ, ಹೌದು" ಎಂದರು.

ಅಂದೇ ಅವಳು ಮಾಸ್ಕ್ ಅಳಿಸಿದಳು. ವೈರಸ್ಸಿನ ಮುಳ್ಳು ಕಿತ್ತು, ನೇರಳೆ ಬಣ್ಣ ಬಳಿದು, ತಲೆಯ ಮೇಲೆ ನಾಲ್ಕು ಎಲೆ ಇಟ್ಟಾಗ ಅದು ಒಳ್ಳೆಯ ಮ್ಯಾಂಗೋಸ್ಟೀನ್ ಆಯಿತು. ಅದನ್ನು ಮೂಲೆಯಿಂದ ಎಡಗಡೆ ಸಿಪ್ಪೆಯ ಪಕ್ಕಕ್ಕೆ ಸರಿಸಿದಳು. ಸಂಪಾದಕರು ಒಪ್ಪಿದರು.

ಪ್ರಬಂಧ ಪ್ರಕಟವಾದ ದಿನ ಐತಪ್ಪ ಚಿತ್ರವನ್ನು ಮಾತ್ರ ವಾಟ್ಸಾಪಿನಲ್ಲಿ ಹರಿಯಬಿಟ್ಟರು. ಸಂಜೆಗೆ ಅದು ಮಣಿಪಾಲ ಮುಟ್ಟಿತ್ತು. ಅಲ್ಲಿಂದ ಅತ್ತೆ ಚಂದ್ರಮ್ಮ ಫೋನ್ ಮಾಡಿ, ಕೊರೋನಾಕ್ಕೆ ಆ ಹಣ್ಣು ದಿನಕ್ಕೆ ಎಷ್ಟು ತಿನ್ನಬೇಕು ಎಂದು ಕೇಳಿದರು. ಹಣ್ಣಲ್ಲ ಸಿಪ್ಪೆ, ತಿನ್ನುವುದಲ್ಲ ಹಚ್ಚುವುದು, ಕೊರೋನಾ ಅಲ್ಲ ಗಾಯ, ಮನುಷ್ಯರಲ್ಲ ಇಲಿ ಎಂದು ಜಲಜಾಕ್ಷಿ ಒಂದೊಂದೇ ಬಿಡಿಸಿ ಹೇಳಿದಳು. ಚಂದ್ರಮ್ಮ ಕೊನೆಯವರೆಗೂ ಕೇಳಿಸಿಕೊಂಡರು.

"ಪಾಪ, ಆ ಇಲಿಗಳು ಈಗ ಹೇಗುಂಟು?"

ಪ್ರಯೋಗ ಮುಗಿದ ಮೇಲೆ ಅವುಗಳ ಚರ್ಮವನ್ನು ಸೂಕ್ಷ್ಮದರ್ಶಕದಡಿ ನೋಡಿದ್ದರು. ಅದಕ್ಕಾಗಿ ಇಲಿಗಳನ್ನು ನೋವಾಗದಂತೆ ಕೊಂದಿದ್ದರು. ಪ್ರಬಂಧದಲ್ಲಿ ಅದು ಇತ್ತು, ಮುಖ್ಯಾಂಶದಲ್ಲಿ ಇರಲಿಲ್ಲ. ಜಲಜಾಕ್ಷಿ ಒಮ್ಮೆ ದಾಮೋದರನ ಮುಖ ನೋಡಿದಳು.

"ಗಾಯ ವಾಸಿ ಆಯ್ತು ಅತ್ತೆ" ಎಂದಳು.