ಕಳೆದಷ್ಟು ಕೂಡಿಸು

ಕೊಳೆಯ ಲೆಕ್ಕ ಹಾಕುವುದು ನನ್ನ ಉದ್ಯೋಗ. ಲಕ್ಷ್ಮೀ ನಗರದ ನಮ್ಮ ಬಾಡಿಗೆ ಮನೆಗೆ ಊರಿಂದ ಬರುವ ನೆಂಟರಿಗೆ ಇದನ್ನು ವಿವರಿಸಿ ಸಾಕಾಗಿದೆ. ಗಂಡ ಕೇಂದ್ರ ಸಚಿವಾಲಯದಲ್ಲಿ ಕ್ಲರ್ಕು ಎಂದರೆ ಎಲ್ಲರಿಗೂ ತಕ್ಷಣ ಅರ್ಥವಾಗುತ್ತದೆ, ಮುಖದಲ್ಲಿ ಗೌರವವೂ ಕಾಣುತ್ತದೆ. ನಾನು ಹೀಟ್ ಎಕ್ಸ್‌ಚೇಂಜರ್ ಡಿಸೈನ್ ಮಾಡುತ್ತೇನೆ ಎಂದರೆ ಅತ್ತೆ ಮಾತ್ರ, ಗೀಸರ್ ರಿಪೇರಿಯವಳು ಎಂದು ಅಕ್ಕಪಕ್ಕದವರಿಗೆ ಪರಿಚಯಿಸುತ್ತಾರೆ. ತಿದ್ದುವುದನ್ನು ಬಿಟ್ಟಿದ್ದೇನೆ.

ಕೆಲಸ ಸಾಹಿಬಾಬಾದಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ನಾವು ಮಾಡುವುದು ದಪ್ಪ ಉಕ್ಕಿನ ಉರುಳೆ, ಅದರೊಳಗೆ ಒತ್ತೊತ್ತಾಗಿ ನೂರಾರು ಸಣ್ಣ ಟ್ಯೂಬು. ಟ್ಯೂಬಿನ ಹೊರಗೆ ಬಿಸಿ ನೀರು, ಒಳಗೆ ತಣ್ಣೀರು. ಎರಡೂ ಒಂದನ್ನೊಂದು ಮುಟ್ಟದೆ ಶಾಖವನ್ನು ಕೈ ಬದಲಾಯಿಸಿಕೊಳ್ಳುತ್ತವೆ. ಇದೇ ಹೀಟ್ ಎಕ್ಸ್‌ಚೇಂಜರ್, ರೂಢಿಯಲ್ಲಿ ಕೂಲರ್ ಎನ್ನುತ್ತಾರೆ. ಇದರ ಶತ್ರು ಕೊಳೆ. ಇಲ್ಲಿನ ಬೋರ್‌ವೆಲ್ ನೀರು ಬಚ್ಚಲಿನ ಬಕೆಟ್ಟಿಗೇ ಬಿಳಿ ಪದರ ಕಟ್ಟುತ್ತದೆ, ಇನ್ನು ಟ್ಯೂಬನ್ನು ಬಿಟ್ಟೀತೇ? ಪದರ ಕಟ್ಟಿದ ಟ್ಯೂಬು ಶಾಖ ದಾಟಿಸಲು ಸತಾಯಿಸುತ್ತದೆ. ಹೊಸದಿದ್ದಾಗ ನೂರು ಪಾಲು ದಾಟಿಸುತ್ತಿದ್ದದ್ದು ಕೊಳೆಯಾದಾಗ ಎಂಬತ್ತೈದು ಪಾಲು ದಾಟಿಸಿದರೆ, ಅದರ ಕ್ಲೀನ್‌ಲಿನೆಸ್ ಫ್ಯಾಕ್ಟರ್ ಸೊನ್ನೆ ಪಾಯಿಂಟ್ ಎಂಬತ್ತೈದು. ಕೊಳೆಯಾದ ಮೇಲೂ ಕೂಲರ್ ಕೆಲಸ ಕೊಡಬೇಕೆಂದರೆ ಮೊದಲೇ ಟ್ಯೂಬಿನ ಮೇಲ್ಮೈ ಹೆಚ್ಚಿಗೆ ಇಡಬೇಕು. ಎಷ್ಟು ಹೆಚ್ಚಿಗೆ ಎನ್ನುವುದೇ ನನ್ನ ಅನ್ನ.

ನಮ್ಮ ಕಾರ್ಖಾನೆಯಲ್ಲಿ ಇದಕ್ಕೊಂದು ಮನೆಮದ್ದಿತ್ತು. ನನಗಿಂತ ಮುಂಚೆ ಇದ್ದ ಡಿಸೈನರ್ ಬಿಟ್ಟುಹೋದ ಎಕ್ಸೆಲ್ ಶೀಟಿನಲ್ಲಿ ಅದು ಕೂತಿತ್ತು: ಕಳೆದಷ್ಟು ಕೂಡಿಸು. ಕೊಳೆಯಿಂದ ಹದಿನೈದು ಪಾಲು ಹೋಗುತ್ತದೆಯೇ, ಹದಿನೈದು ಪಾಲು ಮೇಲ್ಮೈ ಸೇರಿಸು. ಕಾಲೇಜಿನಲ್ಲಿ ನಾನು ಓದಿದ್ದು ಹೀಗಲ್ಲ. ಶುದ್ಧ ಟ್ಯೂಬಿಗೆ ಬೇಕಾದ ಮೇಲ್ಮೈಯನ್ನು ಆ ಫ್ಯಾಕ್ಟರಿನಿಂದ ಭಾಗಿಸಬೇಕು, ಆಗ ಹದಿನೈದರ ಬದಲು ಹದಿನೇಳೂವರೆಗಿಂತ ಕೊಂಚ ಹೆಚ್ಚು ಬರುತ್ತದೆ. ಆದರೆ ಕೊನೆಗೆ ಟ್ಯೂಬಿನ ಸಂಖ್ಯೆಯನ್ನು ಮೇಲಕ್ಕೆ ದುಂಡು ಮಾಡುವಾಗ ಆ ಎರಡೂವರೆ ಮುಚ್ಚಿಹೋಗುತ್ತಿತ್ತು. ವರ್ಷಗಟ್ಟಲೆ ಯಾರಿಗೂ ಏನೂ ಆಗಿರಲಿಲ್ಲ. ಶೀಟು ಹಸಿರು ಬಣ್ಣದಲ್ಲಿ ಓಕೆ ಎನ್ನುತ್ತಿತ್ತು, ನಾನೂ ಓಕೆ ಎನ್ನುತ್ತಿದ್ದೆ.

ಗಾಜಿಯಾಬಾದಿನ ಕಡೆಯ ಒಂದು ಎರಕದ ಕಾರ್ಖಾನೆಗೆ ನಾವು ಕೂಲರ್ ಕೊಟ್ಟಿದ್ದೆವು. ಅವರ ಕುಲುಮೆಯ ಸುರುಳಿಗಳನ್ನು ತಂಪಾಗಿಡುವ ನೀರು ಅದರ ಮೂಲಕ ಹಾದುಹೋಗಬೇಕು. ಆ ನೀರು ಮೂವತ್ತೊಂಬತ್ತು ಡಿಗ್ರಿ ದಾಟಿದರೆ ಅಲಾರಂ ಹೊಡೆದು ಕುಲುಮೆ ನಿಂತುಬಿಡುತ್ತದೆ. ಟ್ಯೂಬುಗಳನ್ನು ಆರು ತಿಂಗಳಿಗೊಮ್ಮೆ ತೊಳೆಯಿರಿ ಎಂದು ಕೈಪಿಡಿಯಲ್ಲಿ ನಾನೇ ಬರೆದಿದ್ದೆ. ಮೊದಲ ಸಲ ಐದನೇ ತಿಂಗಳಿಗೇ ಅಲಾರಂ ಹೊಡೆಯಿತು. ಅವರು ತೊಳೆದರು. ಮತ್ತೆ ಐದನೇ ತಿಂಗಳಿಗೆ ಹೊಡೆಯಿತು. ಈ ಸಲ ನಮಗೆ ಫೋನ್ ಬಂತು.

ಫೋನ್ ಮಾಡಿದವರು ಅಲ್ಲಿನ ಪ್ಲಾಂಟ್ ಮ್ಯಾನೇಜರ್, ಹುಬ್ಬಳ್ಳಿಯವರು. ಈ ಹಿಂದಿ ಊರಲ್ಲಿ ಕನ್ನಡ ಕೇಳಿದರೆ ನನಗೆ ಮೊದಲು ಖುಷಿ, ಆಮೇಲೆ ಅನುಮಾನ. "ಮೇಡಂ, ನಿಮ್ಮ ಕೂಲರ್ ಬಗ್ಗೆ ನನಗೆ ದೂರಿಲ್ಲ. ನಮ್ಮ ಆಪರೇಟರ್ ಒಬ್ಬ ಇದ್ದಾನೆ, ವಯಸ್ಸಾಗಿದೆ. ತೊಳೆಯೋದು ಬಿಟ್ಟು ಬಿಸಿಲು ಕಾಯಿಸ್ಕೊಂಡು ಕೂತಿರ್ತಾನೆ. ನೀವೊಂದು ಸಲ ಬಂದು ಟೆಸ್ಟ್ ಮಾಡಿ, ಸರಿಯಾಗಿ ತೊಳೆದಿಲ್ಲ ಅಂತ ಬರ್ಕೊಡಿ. ಚಲೋ, ಮುಗೀತು."

"ಬರೆದುಕೊಟ್ಟರೆ ಅವರಿಗೇನಾಗುತ್ತೆ?"

"ಒಮ್ಮೆ ವಾರ್ನಿಂಗ್ ಕೊಟ್ಟಾಗಿದೆ. ಈಗ ಮನೆಗೆ."

ನಮ್ಮ ಮಾಲೀಕರಿಗೆ ಹೇಳಿದೆ. ಅವರ ಮುಖ ಅರಳಿತು. "ಬಹುತ್ ಅಚ್ಛಾ! ಗ್ರಾಹಕನೇ ತಪ್ಪು ತನ್ನದು ಅಂತಾನೆ. ಇಂಥ ಗ್ರಾಹಕ ಎಲ್ಲಿ ಸಿಗ್ತಾನೆ? ಹೋಗಿ ಸೈನ್ ಮಾಡಿ ಬನ್ನಿ."

ಹೋದೆ. ಜುಲೈ ತಿಂಗಳು, ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಈ ಹವೆಯಲ್ಲಿ ಯಾರಾದರೂ ಬಿಸಿಲು ಕಾಯಿಸಿಕೊಳ್ಳುತ್ತಾರೆ ಎಂದರೆ ಆ ಮ್ಯಾನೇಜರ್ ಎಸಿ ಕೋಣೆಯಿಂದ ಹೊರಗೆ ಬಂದು ಎಷ್ಟು ದಿನವಾಗಿತ್ತೋ. ಕೂಲರ್ ಹತ್ತಿರ ಆಪರೇಟರ್ ನಿಂತಿದ್ದರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅರವತ್ತರ ಹತ್ತಿರದ, ಕಡ್ಡಿಯಂಥ ಮನುಷ್ಯ. ಆಸಿಡ್ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ದೂರದಿಂದಲೇ ನಮಸ್ಕಾರ ಮಾಡಿದರು. ನಾನು ತಮ್ಮನ್ನು ಮನೆಗೆ ಕಳಿಸಲು ಬಂದವಳೆಂದು ಅವರಿಗೆ ಗೊತ್ತಿತ್ತು.

ತೊಳೆದು ಆರು ತಿಂಗಳು ತುಂಬಿತ್ತು; ಅಲಾರಂ ಹೊಡೆಯದಷ್ಟು ಕಡಿಮೆ ಭಾರದಲ್ಲಿ ಕುಲುಮೆ ಓಡಿಸಿ, ಕೊಳೆಯಾಗಿದ್ದಾಗಲೇ ಮೊದಲು ಅಳೆದೆ. ಎರಡೂ ನೀರಿನ ಒಳಬರುವ, ಹೊರಹೋಗುವ ಉಷ್ಣತೆ, ಹರಿವು, ಇಷ್ಟು ಸಿಕ್ಕರೆ ಟ್ಯೂಬಿನ ಶಾಖ ದಾಟಿಸುವ ಶಕ್ತಿ ಲೆಕ್ಕಕ್ಕೆ ಸಿಗುತ್ತದೆ. ಏಳುನೂರ ಐವತ್ತು ಬಂತು. "ಈಗ ಇವರೇ ತೊಳೆಯಲಿ. ಎಂದಿನ ಹಾಗೆ, ಎಂದಿನ ಬ್ರಷ್‌ನಲ್ಲಿ. ಯಾರೂ ಸಹಾಯ ಮಾಡಬೇಡಿ," ಎಂದೆ. ಮ್ಯಾನೇಜರ್ ಮೀಸೆಯಲ್ಲೇ ನಕ್ಕರು. ಚಾಚಾ ಮುಚ್ಚಳ ಬಿಚ್ಚಿದರು, ಆಸಿಡ್ ಹಾಯಿಸಿದರು, ಆಮೇಲೆ ಒಂದೊಂದೇ ಟ್ಯೂಬಿಗೆ ಉದ್ದನೆಯ ಬ್ರಷ್ ತೂರಿಸಿದರು. ಆದ ಟ್ಯೂಬಿನ ಬಾಯಿಗೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಕೊನೆಗೆ ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕಿದರು. ನಾಲ್ಕು ಟ್ಯೂಬು ಮತ್ತೆ ಉಜ್ಜಿದರು. ಒಂದಿಡೀ ದಿನ ಹಿಡಿಯಿತು.

ಮರುದಿನ ಕುಲುಮೆ ಹೊತ್ತಿಸಿ, ಅದೇ ಭಾರದಲ್ಲಿ ಮತ್ತೆ ಅಳೆದೆ. ಸಾವಿರದ ಇನ್ನೂರ ನಲವತ್ತು. ನಾನು ಡಿಸೈನಿನಲ್ಲಿ ಹೊಸ ಟ್ಯೂಬಿಗೆ ಹಾಕಿದ್ದು ಸಾವಿರದ ಇನ್ನೂರ ಐವತ್ತು. ಅಂದರೆ ಚಾಚಾ ತೊಳೆದ ಟ್ಯೂಬು ಅಂಗಡಿಯಿಂದ ಬಂದ ಟ್ಯೂಬಿನಷ್ಟೇ ಶುದ್ಧ. ಕೊಳೆಯದ್ದನ್ನು ಶುದ್ಧದ್ದರಿಂದ ಭಾಗಿಸಿದರೆ ಸೊನ್ನೆ ಪಾಯಿಂಟ್ ಆರು. ನೀರು ಕೆಟ್ಟದ್ದು, ಇಷ್ಟೇ ಉಳಿಯುತ್ತದೆ ಎಂದು ಗ್ರಾಹಕರು ಆರ್ಡರಿನಲ್ಲೇ ಬರೆದಿದ್ದ ಅಂಕಿಯೂ ಅದೇ. ನೀರು ಹೇಳಿದಷ್ಟೇ ಕೊಳೆ ಮಾಡಿತ್ತು, ಚಾಚಾ ಹೇಳಿದಷ್ಟೇ ತೊಳೆದಿದ್ದರು. ಹಾಗಾದರೆ ಕೆಟ್ಟದ್ದು ಯಾವುದು?

ಲ್ಯಾಪ್‌ಟಾಪ್ ತೆರೆದು ನನ್ನ ಶೀಟು ನೋಡಿದೆ. ಶುದ್ಧವಿದ್ದಾಗ ಬೇಕಾದ ಮೇಲ್ಮೈ ಮೂವತ್ತು ಚದರ ಮೀಟರ್. ಕೊಳೆಗೆಂದು ಸೇರಿಸಿದ್ದು ಶೇಕಡಾ ನಲವತ್ತು. ಒಟ್ಟು ನಲವತ್ತೆರಡು, ಹಸಿರು ಬಣ್ಣದಲ್ಲಿ ಓಕೆ. ಕಳೆದಷ್ಟು ಕೂಡಿಸು.

ಮೂವತ್ತನ್ನು ಸೊನ್ನೆ ಪಾಯಿಂಟ್ ಆರರಿಂದ ಭಾಗಿಸಿದರೆ ಐವತ್ತು. ಎಂಟು ಚದರ ಮೀಟರ್ ಕಡಿಮೆ. ಇದನ್ನು ಯಾವ ದುಂಡು ಮಾಡುವಿಕೆಯೂ ಮುಚ್ಚುವುದಿಲ್ಲ. ಹತ್ತು ಟ್ಯೂಬಿನ ಕೆಲಸ ಇದೆ ಎನ್ನಿ. ಕೊಳೆಯಾದರೆ ಹತ್ತೂ ಸೇರಿ ಆರು ಟ್ಯೂಬಿನ ಕೆಲಸ ಮಾಡುತ್ತವೆ. ಕಡಿಮೆ ಬಿದ್ದದ್ದು ನಾಲ್ಕು ತಾನೇ ಎಂದು ನಾನು ನಾಲ್ಕು ಟ್ಯೂಬು ಸೇರಿಸಿದ್ದೆ. ಆದರೆ ಆ ನಾಲ್ಕರೊಳಗೂ ಅದೇ ದರಿದ್ರ ನೀರೇ ಹರಿಯುತ್ತದೆ! ಅವೂ ಕೊಳೆಯಾಗಿ ಎರಡೂವರೆಯಷ್ಟೂ ಕೆಲಸ ಮಾಡುವುದಿಲ್ಲ. ಹೊಸದಾಗಿ ಸೇರಿದವರು ಸದಾ ಶುಭ್ರವಾಗಿಯೇ ಉಳಿಯುತ್ತಾರೆ ಎಂದು ನಂಬಿದ್ದೆ ನಾನು, ಅದೂ ಸರ್ಕಾರಿ ನೌಕರನ ಹೆಂಡತಿಯಾಗಿ.

ಮ್ಯಾನೇಜರಿಗೆ ಅಂಕಿ ತೋರಿಸಿದೆ. ಅವರಿಗೆ ಅರ್ಥವಾಗಲು ಎರಡು ನಿಮಿಷವೂ ಬೇಕಾಗಲಿಲ್ಲ, ಬುದ್ಧಿವಂತರೇ. ಬಾಗಿಲು ಮುಚ್ಚಿ ಬಂದು ಕೂತರು.

"ಮೇಡಂ, ನಾವು ನಾವೇ ಮಾತಾಡೋಣ. ಈ ಡಿಸೈನ್ ಅಪ್ರೂವ್ ಮಾಡಿದ್ದು ನಾನು. ನಿಮ್ಮದೂ ತಪ್ಪು ಅಂತಾಗುತ್ತೆ, ನನ್ನದೂ ತಪ್ಪು ಅಂತಾಗುತ್ತೆ. ಇನ್ಮೇಲೆ ನಾಲ್ಕು ತಿಂಗಳಿಗೊಮ್ಮೆ ತೊಳಿಸಿದರೆ ಅಲಾರಮ್ಮೇ ಹೊಡೆಯಲ್ಲ. ಚಾಚಾ ಹೇಗೂ ಎರಡು ವರ್ಷದಲ್ಲಿ ಹೋಗೋನೇ. ಯಾಕೆ ಸುಮ್ಮನೆ?"

ನನಗೆ ಸಿಟ್ಟು ಬರಬೇಕಿತ್ತು. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಮಾಧಾನ. ಎಷ್ಟು ಸುಲಭ ಎನ್ನಿಸಿತು. ಸಹಿಯೊಂದು ಹಾಕಿದರೆ ಸಂಜೆ ಮೆಟ್ರೋದಲ್ಲಿ ಕೂತು ಮೊಬೈಲ್ ನೋಡಬಹುದು. ಸಿಟ್ಟು ಬಂದದ್ದು ಅದಾದ ಮೇಲೆ, ನನ್ನ ಮೇಲೇ. ಆ ಮನುಷ್ಯ ಟಾರ್ಚ್ ಹಿಡಿದು ಟ್ಯೂಬಿನೊಳಗೆ ಇಣುಕುತ್ತಿದ್ದಾಗ ನಾನು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದೆ.

"ಆಗಲ್ಲ ಸರ್. ಮೇಲ್ಮೈ ಕಡಿಮೆ ಇದೆ ಅಂತಲೇ ಬರೀತೀನಿ. ಎಂಟು ಚದರ ಮೀಟರಿನ ಇನ್ನೊಂದು ಸಣ್ಣ ಕೂಲರ್ ಕೊಡಿಸ್ತೀನಿ, ಇದರ ಹಿಂದೆ ಸಾಲಾಗಿ ಜೋಡಿಸೋಣ."

"ಪಕ್ಕದಲ್ಲಿ ಜೋಡಿಸಿದರೆ ಪೈಪ್ ಸುಲಭ."

"ಪಕ್ಕದಲ್ಲಿ ಬೇಡ. ನೀರು ಎರಡು ಪಾಲಾಗಿ ನಿಧಾನವಾಗುತ್ತೆ. ನಿಧಾನವಾದರೆ ಕೊಳೆ ಇನ್ನೂ ಆರಾಮಾಗಿ ಕೂರುತ್ತೆ. ಸಾಲಾಗಿಟ್ಟರೆ ಪಂಪಿಗೆ ಸ್ವಲ್ಪ ಭಾರ, ಅಷ್ಟೇ."

ಅವರು ನಿಟ್ಟುಸಿರು ಬಿಟ್ಟರು. "ನಮ್ಮವರು ಅಂತ ಫೋನ್ ಮಾಡಿದೆ ನೋಡಿ, ನನ್ನ ಬುದ್ಧಿಗೆ!"

ಅಲ್ಲೇ ಕೂತು ಇಂಗ್ಲಿಷಿನಲ್ಲಿ ವರದಿ ಬರೆದೆ. ಚೆನ್ನಾಗಿ ಬರೆದೆ. ಟ್ಯೂಬುಗಳ ಶುಚಿತ್ವ ತೃಪ್ತಿಕರವಾಗಿದೆ, ಒದಗಿಸಲಾದ ಮೇಲ್ಮೈ ಅಗತ್ಯಕ್ಕಿಂತ ಕಡಿಮೆ ಇರುವುದು ಕಂಡುಬಂದಿದೆ. ಯಾರು ಒದಗಿಸಿದರು, ಯಾರು ಕಡಿಮೆ ಮಾಡಿದರು ಎನ್ನುವುದು ಆ ವಾಕ್ಯಗಳಲ್ಲಿ ಎಲ್ಲೂ ಇರಲಿಲ್ಲ. ನಮ್ಮ ಮಾಲೀಕರು ಫೋನಿನಲ್ಲಿ ಕೂಗಾಡಿದರು, ವರದಿ ಓದಿಸಿಕೊಂಡು, ಭಾಷೆ ಅಚ್ಛಾ ಇದೆ ಎಂದು ತಣ್ಣಗಾದರು. ಸತ್ಯ ಹೇಳಿದ ಹೆಮ್ಮೆಯಲ್ಲಿ ನಾನು ಬ್ಯಾಗ್ ಹೆಗಲಿಗೇರಿಸಿದೆ.

ಗೇಟಿನ ಹತ್ತಿರ ಚಾಚಾ ಕಾಯುತ್ತಿದ್ದರು. "ಮೇಡಂಜೀ, ಕಾಗದದಲ್ಲಿ ಏನು ಬರೆದಿರಿ?"

"ನಿಮ್ಮ ಕೆಲಸ ಹೋಗಲ್ಲ ಚಾಚಾ. ಕೂಲರೇ ಸಣ್ಣದಾಗಿತ್ತು."

ಅವರು ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಕೈ ನೋಡಿಕೊಂಡರು. "ಹೋದ ಸಲ ವಾರ್ನಿಂಗ್ ಕೊಟ್ಟಾಗ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಉಜ್ಜಿದ್ದು ಸರಿಯಾಗಿ ಕಾಣಿಸ್ತಿಲ್ಲವೇನೋ ಅಂತ. ಕಣ್ಣು ಚೆನ್ನಾಗಿದೆ ಅಂದರು. ಆಮೇಲೆ ನನ್ನ ಮೇಲೇ ನಂಬಿಕೆ ಹೋಯಿತು." ತಲೆಯೆತ್ತಿ ಕೇಳಿದರು. "ತಪ್ಪು ಯಾರದು ಅಂತ ಬರೆದಿದೀರಿ?"

ನಾನು ಬ್ಯಾಗಿನಿಂದ ವರದಿಯ ಪ್ರತಿ ತೆಗೆದು ಅವರ ಮುಂದೆ ಹಿಡಿದೆ.

"ಇಲ್ಲಿ ಯಾರಿಗೂ ಇಂಗ್ಲಿಷ್ ಕಾಗದ ಓದೋಕೆ ಬರಲ್ಲ. ವಾರ್ನಿಂಗ್ ಕೊಟ್ಟದ್ದು ಕ್ಯಾಂಟೀನಿನಲ್ಲಿ, ಎಲ್ಲರ ಎದುರಿಗೆ, ಹಿಂದಿಯಲ್ಲಿ."

ಅದು ಊಟದ ಹೊತ್ತು. ಅವರ ಜೊತೆ ಮತ್ತೆ ಒಳಕ್ಕೆ ಹೋದೆ. ಕ್ಯಾಂಟೀನಿನಲ್ಲಿ ನಲವತ್ತು ಜನರಾದರೂ ಇದ್ದರು, ಮ್ಯಾನೇಜರೂ ಇದ್ದರು. ನನ್ನ ಹಿಂದಿಯಲ್ಲಿ ಗಂಡು ಹೆಣ್ಣು ಯಾವತ್ತೂ ಅದಲುಬದಲು. ಬಾಗಿಲಲ್ಲಿ ನಿಂತು, ಚಾಚಾ ಪ್ರತಿ ಸಲವೂ ಸರಿಯಾಗಿ ತೊಳೆದಿದ್ದಾರೆ, ಟ್ಯೂಬು ಕಡಿಮೆ ಹಾಕಿದವಳು ನಾನು, ಲೆಕ್ಕ ತಪ್ಪಿದ್ದು ನನ್ನದು ಎಂದೆ. ಯಾರೋ ಕಿಸಕ್ಕೆಂದರು. ಉಳಿದವರು ತಟ್ಟೆ ಬಿಟ್ಟು ಚಾಚಾ ಅವರ ಕಡೆ ನೋಡಿದರು.

"ಮತ್ತೊಮ್ಮೆ ಹೇಳಿ ಮೇಡಂಜೀ," ಎಂದರು ಚಾಚಾ. "ಹಿಂದೆ ಕೂತವರಿಗೆ ಕೇಳಿಸಿಲ್ಲ."