ಪ್ರತಿಷ್ಠೆಗೆ ಮುಂಚಿನ ಮಣ್ಣು

ಆ ಕೊರಿಯರ್ ಕಂಪನಿ ಬಹಳ ನಂಬಿಕಸ್ಥವೆಂದು ಸಿಡ್ನಿಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಎಲ್ಲರೂ ಹೇಳುತ್ತಿದ್ದುದರಿಂದಲೇ ನನಗೆ ಅನುಮಾನ. ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ಮಣ್ಣಿನ ಗಣಪತಿ ಮಾಡುವ ಉಡುಪಿಯ ಹೆಣ್ಣುಮಗಳೊಬ್ಬಳು ಚೌತಿಗೆ ಸಿಡ್ನಿಯವರ ಮೂರ್ತಿಗಳನ್ನೆಲ್ಲ ಆ ಕಂಪನಿಯ ಕೈಗೇ ಒಪ್ಪಿಸುವವಳಿದ್ದಳು. ಒಂದಷ್ಟು ಮೂರ್ತಿ ಒಡೆದು ತಲುಪಿದರೂ ಅವಳ ಹೆಸರು ಕೆಡುತ್ತಿತ್ತು. ಮೊದಲು ನನಗೊಂದನ್ನು ಕಳಿಸು, ಪರೀಕ್ಷಿಸಿ ಗುಂಪಿಗೆ ವಿಮರ್ಶೆ ಬರೆಯುತ್ತೇನೆ ಎಂದೆ.

ಪಾರ್ಸೆಲ್ ಬರಬೇಕಿದ್ದ ದಿನ ಸಿಡ್ನಿಯ ಮಾರ್ಸ್ಡನ್ ಪಾರ್ಕ್ ಬಡಾವಣೆಯಲ್ಲಿರುವ ಮಗನ ಮನೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತೆ. ಮಧ್ಯಾಹ್ನ ಫೋನಿಗೆ ಸಂದೇಶ ಬಂತು: ಡೆಲಿವರಿಗೆ ಬಂದಿದ್ದೆವು, ಮನೆಯಲ್ಲಿ ಯಾರೂ ಇರಲಿಲ್ಲ. ಜೊತೆಗೆ ಮುಚ್ಚಿದ ಬಾಗಿಲೊಂದರ ಫೋಟೋ. ನಮ್ಮ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಆದರೆ ನಮ್ಮ ಬಾಗಿಲಿಗಿದ್ದ ತೋರಣ ಆ ಬಾಗಿಲಿಗಿರಲಿಲ್ಲ.

ಮರುದಿನ ಬೆಳಿಗ್ಗೆ ಪೆಟ್ಟಿಗೆ ಬಂತು. ಅದರ ಒಂದು ಮೂಲೆ ಒಳಕ್ಕೆ ಕುಸಿದಿತ್ತು. ಪೆಟ್ಟಿಗೆಯೊಳಗೆ ಪೆಟ್ಟಿಗೆಯಿಟ್ಟು ನಡುವೆ ದಪ್ಪ ಸ್ಪಂಜು ತುಂಬಿದ್ದರೂ ಸೊಂಡಿಲು ಮುರಿದಿತ್ತು. ಮೂರ್ತಿ ಮಾಡಿದವಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ; ಸಂಜೆ ಅವಳೇ ಮಾಡಿದಳು.

“ಅಂಕಲ್, ನಷ್ಟ ಪರಿಹಾರದ ಕ್ಲೇಮನ್ನ ಪಾರ್ಸೆಲ್ ಕಳಿಸಿದವರೇ ಹಾಕ್ಬೇಕಂತೆ, ನಾನು ಹಾಕ್ತೇನೆ. ಮೂರ್ತಿ, ಪೆಟ್ಟಿಗೆ, ಸ್ಪಂಜು ಒಂದನ್ನೂ ಬಿಸಾಡ್ಬೇಡಿ. ಅವರು ಪರೀಕ್ಷೆ ಮಾಡ್ತಾರಂತೆ. ಪ್ಯಾಕಿಂಗ್ ನಂದೇ ಸರಿಯಿಲ್ಲ ಅಂದುಬಿಟ್ರೆ ಮುಗೀತು.”

ಒಳಗೆ ಹೋದೆ. ಮೇಜಿನ ಮೇಲೆ ಪೆಟ್ಟಿಗೆಯಷ್ಟೇ ಇತ್ತು.

“ಮೂರ್ತಿ ಎಲ್ಲಮ್ಮ?” ಎಂದು ಸೊಸೆಯನ್ನು ಕೇಳಿದೆ.

“ಭಿನ್ನ ಆಗಿದ್ದನ್ನ ಮನೇಲಿ ಇಟ್ಕೋಬಾರ್ದಲ್ವಾ ಮಾವ? ಬೆಳಿಗ್ಗೇನೇ ಬಕೆಟ್ ನೀರಿಗೆ ಬಿಟ್ಟೆ.”

ಹಿತ್ತಲಿಗೆ ಓಡಿ ಬಕೆಟ್ಟಿಗೆ ಕೈ ಅದ್ದಿದೆ. ಸುಡದ ಮಣ್ಣು, ಬೆರಳಿಗೆ ಕೆಸರೇ ಸಿಕ್ಕಿತು.

“ಪ್ರಾಣಪ್ರತಿಷ್ಠೆಯೇ ಆಗದ ಮೂರ್ತಿಗೆ ವಿಸರ್ಜನೆ ಎಲ್ಲಿಂದ ಬಂತು?”

“ಎಲ್ಲರೂ ಹಾಗೇ ಮಾಡೋದು.”

“ಎಲ್ಲರೂ ಆ ಕೊರಿಯರನ್ನೂ ಹೊಗಳ್ತಾರೆ.”

“ನಿಮಗೆ ಎಲ್ಲದಕ್ಕೂ ಪ್ರೂಫ್ ಬೇಕು ಮಾವ. ಪ್ರೂಫ್ ಬಕೆಟ್ಟಲ್ಲಿದೆ, ಸೋಸ್ಕೊಳ್ಳಿ.”

ಕುಸಿದ ಪೆಟ್ಟಿಗೆಯ ಫೋಟೋ ತೆಗೆದು, ಕ್ಲೇಮಿಗೆಂದು ಮೂರ್ತಿ ಮಾಡಿದವಳಿಗೆ ಕಳಿಸಿದೆ.

ಕಂಪನಿ ಕುಸಿದ ಪೆಟ್ಟಿಗೆಯ ಫೋಟೋವನ್ನು ಒಪ್ಪಲಿಲ್ಲ. ಪರೀಕ್ಷಿಸಲು ವಸ್ತುವೇ ಇಲ್ಲವೆಂದು ಕ್ಲೇಮ್ ಮುಚ್ಚಿತು. ತೋರಣವಿಲ್ಲದ ಬಾಗಿಲಿನ ಬಗ್ಗೆ ನಾನು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ವಿಮರ್ಶೆಯಲ್ಲಿ ಇವೆರಡನ್ನೂ ಬರೆದೆ. ಬಕೆಟ್ಟಿನ ಸಂಗತಿ ಬರೆದರೆ ಸೊಸೆಯ ಮಾನ ಹೋಗುತ್ತಿತ್ತು, ಬಿಟ್ಟರೆ ನನ್ನ ವಿಮರ್ಶೆ ಅರ್ಧ ಸುಳ್ಳಾಗುತ್ತಿತ್ತು. ಅದನ್ನೂ ಬರೆದು, ಹಾಳೆಯನ್ನು ಅವಳ ಮುಂದೆಯೇ ಇಟ್ಟೆ. ಅವಳು ಓದಿ, “ಸೊಸೆ ಅಂತ ಬೇಡ, ಮನೆಯವರು ಅಂತ ಹಾಕಿ,” ಎಂದಳು. ಹಾಗೆಯೇ ತಿದ್ದಿ ಗುಂಪಿಗೆ ಹಾಕಿದೆ.

ಡ್ಯಾಂಡಿನಾಂಗ್‌ನವಳು ಅದನ್ನು ಓದಿ ಬೇರೆ ಕೊರಿಯರ್ ಹಿಡಿದಳು. ಚೌತಿಗೆ ಮುಂಚೆ ನಮಗೆ ಬಂದ ಪೆಟ್ಟಿಗೆಯಲ್ಲಿ ಮೂರ್ತಿ ಇಡಿಯಾಗಿತ್ತು. ಅದರ ಮೇಲೊಂದು ಚೀಟಿ: “ಪ್ರತಿಷ್ಠೆ ಆಗುವ ತನಕ ಇದು ಬರೀ ಮಣ್ಣು. ಒಡೆದಿದ್ದರೆ ನೀರಿಗೆ ಬಿಡಬೇಡಿ, ನನಗೆ ಫೋನ್ ಮಾಡಿ.”

ಸೊಸೆ ಅದನ್ನು ಓದಿ, ಖಾಲಿ ಪೆಟ್ಟಿಗೆ, ಸ್ಪಂಜು ಒಂದನ್ನೂ ಬಿಸಾಡದೆ ಗ್ಯಾರೇಜಿನಲ್ಲಿ ಎತ್ತಿಟ್ಟಳು.